6 ಕಡೆ ದುಡಿದವರೋ, 12 ವರ್ಷ ಒಂದೇ ಕಡೆ ಇದ್ದವರೋ: ರೆಸ್ಯೂಮೆ ಓದುವುದು ಹೇಗೆ?

ಪ್ರಶ್ನೆ: ಸರ್, ಕಲಬುರಗಿಯ ಕಪನೂರಿನಲ್ಲಿ ನಮ್ಮದೊಂದು ಚಿಕ್ಕ ದಾಲ್ ಮಿಲ್ ಇದೆ. ಈ ಸಲ ಬೇಳೆಯನ್ನು ಬಣ್ಣ ನೋಡಿ ಬೇರ್ಪಡಿಸುವ ಸಾರ್ಟೆಕ್ಸ್ ಮಷೀನ್ ಹಾಕಿಸಿದ್ದೇವೆ. ನಾನು ಮಾರಾಟಕ್ಕೆ ಹೈದರಾಬಾದ್, ಸೋಲಾಪುರ ಅಂತ ಓಡಾಡ್ತಾ ಇರ್ತೀನಿ, ಮಿಲ್ ನೋಡ್ಕೊಳ್ಳೋಕೆ ಸೂಪರ್‌ವೈಸರ್ ಬೇಕು. 4 ವರ್ಷದಲ್ಲಿ 3 ಜನ ಬಿಟ್ಟು ಹೋದರು, ಹೋದ ವರ್ಷವಂತೂ ಫೆಬ್ರವರಿಯಲ್ಲಿ, ಸೀಸನ್ ನಡುವೆ. ಈಗ ಇಬ್ಬರ ರೆಸ್ಯೂಮೆ ಕೈಯಲ್ಲಿದೆ. ಒಬ್ಬರು 11 ವರ್ಷದಲ್ಲಿ 6 ಕಡೆ ಕೆಲಸ ಮಾಡಿದ್ದಾರೆ. ಇನ್ನೊಬ್ಬರು 12 ವರ್ಷ ಒಂದೇ ಮಿಲ್‌ನಲ್ಲಿ ಇದ್ದವರು. ಮನೆಯಲ್ಲಿ ಎಲ್ಲರೂ ಎರಡನೆಯವರೇ ಸರಿ ಅಂತಾರೆ. ಫೋಟೋ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ಎರಡೂ ನೋಡಿದೆ. ಮನೆಯವರ ಮಾತಿಗೆ ಈಗಲೇ ಹೂಂ ಅನ್ನಬೇಡಿ. ನೀವೆಲ್ಲ ಕಂಪನಿಗಳ ಹೆಸರು ಎಣಿಸಿದ್ದೀರಿ, ಅಷ್ಟೇ. ಹೆಸರು ಎಷ್ಟು ಸಲ ಬದಲಾಗಿದೆ ಅನ್ನೋದಕ್ಕಿಂತ, ಪ್ರತಿ ಸಲ ಆ ಕೆಲಸ ಮುಗಿದದ್ದು ಯಾರ ತೀರ್ಮಾನದಿಂದ ಅಂತ ನೋಡಬೇಕು. ಆಮೇಲೆ, ಈ ಮನುಷ್ಯ ಎಂಥ ಜಾಗದಲ್ಲಿ ನಿಂತಿದ್ದಾರೆ, ಎಂಥ ಜಾಗದಿಂದ ಎದ್ದು ಹೋಗಿದ್ದಾರೆ, ನಿಮ್ಮ ಮಿಲ್ ಇವೆರಡರಲ್ಲಿ ಯಾವುದಕ್ಕೆ ಹೋಲುತ್ತದೆ ಅಂತ ನೋಡಬೇಕು.

ಮೊದಲನೆಯವರದ್ದನ್ನು ತೆಗೆದುಕೊಳ್ಳೋಣ. ಮೇಲಿನ 3 ಸಾಲು ಮತ್ತೊಮ್ಮೆ ಓದಿ. ಜುಲೈ 2014ರಿಂದ ಮಾರ್ಚ್ 2020ರವರೆಗೆ 3 ಬೇರೆ ಬೇರೆ ಹೆಸರುಗಳಿವೆ, ಆದರೆ ಮೂರರ ಎದುರಿಗೂ ಬರೆದಿರುವುದು ‘ವಾಡಿ, ಸಿಮೆಂಟ್ ಪ್ಯಾಕಿಂಗ್ ಪ್ಲಾಂಟ್, ಫಿಟ್ಟರ್’ ಅಂತಲೇ. ಒಂದು ಮುಗಿದದ್ದು ಮಾರ್ಚ್ ಕೊನೆಗೆ, ಇನ್ನೊಂದು ಶುರುವಾದದ್ದು ಏಪ್ರಿಲ್ ಮೊದಲಿಗೆ. ನಡುವೆ ಒಂದು ದಿನವೂ ಖಾಲಿ ಇಲ್ಲ. ನಮ್ಮ ಕಡೆ ವಾಡಿ, ಸೇಡಂ ಸುತ್ತಮುತ್ತ ಸಿಮೆಂಟ್ ಕಾರ್ಖಾನೆಗಳಲ್ಲಿ ಗುತ್ತಿಗೆದಾರರ ಮೂಲಕ ದುಡಿಯುವವರು ತುಂಬಾ ಜನ. ಗುತ್ತಿಗೆ ಅವಧಿ ಮುಗಿದು ಹೊಸಬರಿಗೆ ಹೋದಾಗ, ಆಳುಗಳು ಅವರೇ, ಗೇಟು ಅದೇ, ಮಷೀನೂ ಅದೇ, ಪಗಾರದ ಚೀಟಿಯ ಮೇಲಿನ ಹೆಸರು ಮಾತ್ರ ಬೇರೆಯಾಗುತ್ತದೆ. ಹಾಗಾಗಿ ನಿಮ್ಮ ಕಣ್ಣಿಗೆ ಮೂರು ಅಂತ ಕಂಡದ್ದು, ನನ್ನ ಲೆಕ್ಕದಲ್ಲಿ, ಒಂದೇ ಜಾಗದಲ್ಲಿ ಸುಮಾರು 5 ವರ್ಷ 9 ತಿಂಗಳು. ಅದೂ ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸಬರು ಇವರನ್ನೇ ಉಳಿಸಿಕೊಂಡಿದ್ದಾರೆ. ಬೇಡವಾದ ಕೈ ಆಗಿದ್ದರೆ ಕೈಬಿಡೋಕೆ ಅದಕ್ಕಿಂತ ಸುಲಭದ ಸಮಯ ಇನ್ನೊಂದಿಲ್ಲ.

ಇದು ಊಹೆ ಅಲ್ವಾ ಅಂತ ನೀವು ಕೇಳಬಹುದು. ಹೌದು, ಆದರೆ ಪರೀಕ್ಷಿಸೋಕೆ ಬರುವ ಊಹೆ. ಅವರ ಪಿಎಫ್ ಖಾತೆಗೆ ಯುಎಎನ್ ನಂಬರ್ ಇರುತ್ತದೆ. ಇಪಿಎಫ್ಓ ಮೆಂಬರ್ ಪೋರ್ಟಲ್‌ನಲ್ಲಿ ‘ಸರ್ವಿಸ್ ಹಿಸ್ಟರಿ’ ತೆರೆದರೆ ಯಾವ ಸಂಸ್ಥೆಯಲ್ಲಿ ಎಂದು ಸೇರಿದರು, ಎಂದು ಬಿಟ್ಟರು ಅಂತ ಸಾಲಾಗಿ ಕಾಣಿಸುತ್ತದೆ. ಅವರ ಫೋನ್‌ನಲ್ಲಿ ಅವರೇ ತೆರೆದು ತೋರಿಸಲಿ. ಪಾಸ್‌ವರ್ಡ್ ಕೇಳಬೇಡಿ, ಅದು ತಪ್ಪು. ಅಲ್ಲಿ ಕಾಣುವುದೂ ಗುತ್ತಿಗೆದಾರರ ಹೆಸರೇ, ಕಾರ್ಖಾನೆಯ ಹೆಸರಲ್ಲ. ಅದಕ್ಕೆ ಹಳೆಯ ಗೇಟ್ ಪಾಸ್ ಇದ್ದರೆ ತರಲು ಹೇಳಿ. ಮೂರು ಅವಧಿಗೂ ಒಂದೇ ಕಾರ್ಖಾನೆಯ ಪಾಸ್ ಇದ್ದರೆ ಮಾತು ಮುಗಿಯಿತು.

ಆದರೆ ಪಿಎಫ್ ದಾಖಲೆಯನ್ನು ಕಣ್ಣುಮುಚ್ಚಿ ನಂಬುವುದೂ ಬೇಡ. 20ಕ್ಕಿಂತ ಕಡಿಮೆ ಜನ ಇರುವ ಎಷ್ಟೋ ಮಿಲ್‌ಗಳಲ್ಲಿ ಪಿಎಫ್ ಇರುವುದಿಲ್ಲ. ಅಲ್ಲಿ ದುಡಿದ ವರ್ಷಗಳು ದಾಖಲೆಯಲ್ಲಿ ಖಾಲಿ ಕಾಣುತ್ತವೆ, ಹಾಗಂತ ಅವರು ಸುಳ್ಳು ಹೇಳಿದರು ಅಂತಲ್ಲ. ಕೆಲವು ಮಾಲೀಕರು ಬಿಟ್ಟ ದಿನಾಂಕವನ್ನು ಹಾಕಿಯೇ ಇರುವುದಿಲ್ಲ. ಆಗ ಎರಡು ಕಡೆ ಒಟ್ಟಿಗೆ ಕೆಲಸ ಮಾಡಿದಂತೆ ಕಾಣುತ್ತದೆ. ಕೊನೆಯ ಕಂತು ಜಮಾ ಆಗಿ 2 ತಿಂಗಳು ಕಳೆದ ಮೇಲೆ ಆ ದಿನಾಂಕವನ್ನು ಕೆಲಸಗಾರರೇ ಹಾಕಿಕೊಳ್ಳಬಹುದು, ಆದರೆ ಇದು ಗೊತ್ತಿರುವವರು ಕಡಿಮೆ. ಆದ್ದರಿಂದ ದಾಖಲೆಯಲ್ಲಿ ಗೊಂದಲ ಕಂಡರೆ ಕೇಳಿ, ತೀರ್ಪು ಕೊಡಬೇಡಿ.

ಮಾರ್ಚ್ 2020ಕ್ಕೆ ಯಾಕೆ ನಿಂತಿತು ಅಂತ ಬಿಡಿಸಿ ಹೇಳಬೇಕಿಲ್ಲ. ಲಾಕ್‌ಡೌನ್‌ನಲ್ಲಿ ಮೊದಲು ಮನೆಗೆ ಹೋದವರೇ ಗುತ್ತಿಗೆ ಆಳುಗಳು.

ಅದರ ನಂತರದ ಭಾಗ ನನಗೆ ಜಾಸ್ತಿ ಮುಖ್ಯ. ಅಲ್ಲಿ 3 ದಾಲ್ ಮಿಲ್‌ಗಳಿವೆ. ಮೊದಲನೆಯದರ ಎದುರಿಗೆ ಬರೀ ‘2021-2022’ ಅಂತಿದೆ, ತಿಂಗಳಿಲ್ಲ. ಹೀಗೆ ಬರೆದದ್ದನ್ನು ಕಂಡಾಗಲೆಲ್ಲ ತಿಂಗಳು ಕೇಳಲೇಬೇಕು. ಡಿಸೆಂಬರ್ 2021ರಿಂದ ಜನವರಿ 2022 ಆದರೆ ಅದು 2 ತಿಂಗಳು. ಜನವರಿ 2021ರಿಂದ ಡಿಸೆಂಬರ್ 2022 ಆದರೆ ಪೂರ್ತಿ 2 ವರ್ಷ. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಇವರ ವಿಷಯದಲ್ಲಿ ಎರಡನೇ ಮಿಲ್ ನವೆಂಬರ್ 2022ಕ್ಕೆ ಶುರುವಾಗಿರುವುದರಿಂದ ಪೂರ್ತಿ 2 ವರ್ಷ ಆಗಿರಲಾರದು. ಆದರೂ 2 ತಿಂಗಳೋ 20 ತಿಂಗಳೋ ಗೊತ್ತಾಗಬೇಕು. ಎಲ್ಲರೂ ಮುಚ್ಚಿಡೋಕೆ ಹೀಗೆ ಬರೆಯುತ್ತಾರೆ ಅಂತಲ್ಲ. ಡಿಟಿಪಿ ಅಂಗಡಿಯವರ ಹಳೆಯ ನಮೂನೆಯಲ್ಲೇ ಬರೀ ವರ್ಷ ಇರುತ್ತದೆ.

ಎರಡನೇ ಮಿಲ್ ನವೆಂಬರ್ 2022ರಿಂದ ಜೂನ್ 2023. ನೀವೇ ಈ ವ್ಯಾಪಾರದಲ್ಲಿ ಇರುವವರು, ಇದನ್ನು ನೋಡಿದ ತಕ್ಷಣ ನಿಮಗೆ ಹೊಳೆಯಬೇಕಿತ್ತು. ಡಿಸೆಂಬರ್, ಜನವರಿಗೆ ಹೊಸ ತೊಗರಿ ಗಂಜ್‌ಗೆ ಬರುತ್ತದೆ, ಬೇಸಿಗೆ ಮುಗಿಯುವವರೆಗೆ ಮಿಲ್ ಜೋರಾಗಿ ಓಡುತ್ತದೆ, ಮಳೆ ಹಿಡಿದ ಮೇಲೆ ಅಂಗಳದಲ್ಲಿ ಕಾಳು ಒಣಗಿಸೋಕೆ ಆಗದೆ ಎಷ್ಟೋ ಚಿಕ್ಕ ಮಿಲ್‌ಗಳು ನಿಧಾನ ಆಗುತ್ತವೆ ಇಲ್ಲವೇ ನಿಂತೇ ಹೋಗುತ್ತವೆ. ಹಾಗಾಗಿ 8 ತಿಂಗಳ ಕೆಲಸ ಅಂದರೆ ಇಲ್ಲಿ ‘ಬಿಟ್ಟು ಓಡಿದರು’ ಅಂತ ಅರ್ಥ ಆಗಬೇಕಿಲ್ಲ. ಒಂದು ಸೀಸನ್ ಪೂರ್ತಿ ಮಾಡಿದರು ಅಂತಲೂ ಆಗಬಹುದು. ನಿಮ್ಮ ಹೋದ ವರ್ಷದವರು ಫೆಬ್ರವರಿಯಲ್ಲಿ ಬಿಟ್ಟರಲ್ಲ, ಅದು ಬೇರೆ. ಕೆಲಸ ತುಂಬಿ ತುಳುಕುವಾಗ ಬಿಟ್ಟದ್ದಕ್ಕೂ ಕೆಲಸ ತೀರಿದ ಮೇಲೆ ಹೋದದ್ದಕ್ಕೂ ಒಂದೇ ತೂಕ ಹಾಕಬೇಡಿ.

ಇಲ್ಲಿ ಕೇಳಬೇಕಾದ ಪ್ರಶ್ನೆ ಇದು: ಮುಂದಿನ ಸೀಸನ್‌ಗೆ ಆ ಮಿಲ್‌ನವರು ನಿಮ್ಮನ್ನು ವಾಪಸ್ ಕರೆದರಾ? ಕರೆದಿದ್ದರೆ, ಮತ್ತೆ ಬೇರೆ ಕಡೆ ಯಾಕೆ ಹೋದಿರಿ? ಕರೆದಿಲ್ಲದಿದ್ದರೆ, ಯಾಕೆ ಕರೆಯಲಿಲ್ಲ? ಸೀಸನ್ ಕೆಲಸದಲ್ಲಿ ಹಳೆಯ ಮಾಲೀಕ ಮತ್ತೆ ಫೋನ್ ಮಾಡಿದ್ದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಕರೆದರು, ಆದರೆ ಇನ್ನೊಬ್ಬರು ವರ್ಷಪೂರ್ತಿ ಕೆಲಸ ಕೊಡ್ತೀನಿ ಅಂದರು, ಅದಕ್ಕೆ ಅಲ್ಲಿಗೆ ಹೋದೆ ಅಂತ ಉತ್ತರ ಬಂದರೆ ಅದು ನಿಮಗೆ ಒಳ್ಳೆಯ ಸುದ್ದಿ. ಆ ಮನುಷ್ಯ ಹುಡುಕುತ್ತಿರುವುದು ನಿಲ್ಲೋ ಜಾಗವನ್ನೇ. ಅವರ ಮೂರನೇ ಮಿಲ್ ಡಿಸೆಂಬರ್ 2023ರಿಂದ ಇಂದಿನವರೆಗೆ ಅಂತಿದೆ, ಅಂದರೆ 2 ಮಳೆಗಾಲ ಅಲ್ಲೇ ಕಳೆದಿದ್ದಾರೆ. ಹಾಗಾಗಿ ಅಂಥ ಉತ್ತರವೇ ಬರುವ ಹಾಗೆ ಕಾಣುತ್ತದೆ.

ಆ 2 ಮಳೆಗಾಲಕ್ಕೆ ನಾನು ಇಷ್ಟು ಬೆಲೆ ಕೊಡುವುದಕ್ಕೆ ಕಾರಣ ಇದೆ. ಪದೇ ಪದೇ ಕೆಲಸ ಬದಲಿಸುವವರ ನಿಜವಾದ ತೊಂದರೆ ನಿಷ್ಠೆಯದ್ದಲ್ಲ. ಅವರು ಕೆಲಸದ ಒಂದು ಭಾಗವನ್ನು ನೋಡಿಯೇ ಇರುವುದಿಲ್ಲ. ಪ್ರತಿ ಸಲ ಡಿಸೆಂಬರ್‌ಗೆ ಸೇರಿ ಜೂನ್‌ಗೆ ಬಿಟ್ಟವರು 5 ಮಿಲ್ ಸುತ್ತಿದ್ದರೂ ಮೋಡ ಕವಿದ ವಾರದಲ್ಲಿ ಎಣ್ಣೆ ಹಚ್ಚಿ ನೀರು ಕೊಟ್ಟ ಕಾಳನ್ನು ಏನು ಮಾಡಬೇಕು ಅಂತ ಕಲಿತಿರುವುದಿಲ್ಲ. ಮಿಲ್ ನಿಂತಾಗ ಕಾಳಿನ ಸಿಪ್ಪೆ ತೆಗೆಯುವ ಎಮರಿ ರೋಲ್ ಬಿಚ್ಚಿ ಹೊಸದಾಗಿ ಕಟ್ಟಿಸುವುದನ್ನು ಕಂಡಿರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ತಾವು ಮಾಡಿದ ತಪ್ಪಿನ ಫಲವನ್ನು ನೋಡಿರುವುದಿಲ್ಲ. ಗೋದಾಮಿನಲ್ಲಿ ಸರಿಯಾಗಿ ಒಣಗದ ಮಾಲು ಇಟ್ಟರೆ ಹುಳ ಬೀಳುವುದು ಅವರು ಹೋದ ಮೇಲೆ. ಹಾಗಾಗಿ ಇಂಥ ರೆಸ್ಯೂಮೆ ಬಂದರೆ ಕಂಪನಿ ಎಷ್ಟು ಅಂತ ಎಣಿಸಬೇಡಿ. ಒಂದೇ ಕಡೆ ಪೂರ್ತಿ 1 ವರ್ಷ, ಎಲ್ಲ ಕಾಲವನ್ನೂ ದಾಟಿದ್ದು ಎಷ್ಟು ಸಲ ಅಂತ ಎಣಿಸಿ. ಇವರದ್ದರಲ್ಲಿ ಆ ಲೆಕ್ಕ ಸೊನ್ನೆ ಅಲ್ಲ.

ಹಾಗಾದರೆ ಪದೇ ಪದೇ ಬದಲಾಯಿಸುವುದು ಯಾವಾಗಲೂ ಸರಿಯೇ? ಖಂಡಿತ ಅಲ್ಲ. ಪ್ರತಿ ಕಡೆಯೂ ಸ್ಟಾಕ್ ಲೆಕ್ಕ ಹಾಕುವ ಹೊತ್ತಿಗೆ ಸರಿಯಾಗಿ ಬಿಟ್ಟಿದ್ದರೆ ನಾನು ಹೆದರುತ್ತೇನೆ. ಎಲ್ಲ ಕಡೆ ಒಂದೇ ಹುದ್ದೆ, ಒಂದೇ ಕೆಲಸ, ಪಗಾರ ಮಾತ್ರ ಏರುತ್ತಾ ಹೋಗಿದ್ದರೆ, ನೀವು ಕೊಡುವ ಪಗಾರಕ್ಕಿಂತ 1,000 ರೂಪಾಯಿ ಜಾಸ್ತಿ ಯಾರಾದರೂ ಅಂದ ದಿನ ಅವರು ಹೊರಟರು ಅಂತಲೇ ಇಟ್ಟುಕೊಳ್ಳಿ. 4 ಕಡೆ ಬಿಟ್ಟದ್ದಕ್ಕೂ ‘ಸಾವ್ಕಾರ್ರು ಸರಿ ಇರಲಿಲ್ರಿ’ ಅನ್ನುವುದೊಂದೇ ಕಾರಣ ಹೇಳಿದರೂ ಯೋಚಿಸಿ. ಒಬ್ಬ ಸಾವ್ಕಾರ ಕೆಟ್ಟವನಾಗಿರಬಹುದು, ನಾಲ್ವರೂ ಒಂದೇ ರೀತಿ ಕೆಟ್ಟವರಾಗಿರುವುದು ಅಪರೂಪ.

ನಮ್ಮ ಭಾಗದಲ್ಲಿ ಇನ್ನೊಂದು ಖಾಲಿ ಜಾಗ ತುಂಬಾ ಸಿಗುತ್ತದೆ. ಡಿಪ್ಲೊಮಾ, ಡಿಗ್ರಿ ಮಾಡಿದ ಹುಡುಗರ ರೆಸ್ಯೂಮೆಯಲ್ಲಿ ವರ್ಷ, ಒಂದೂವರೆ ವರ್ಷ ಏನೂ ಇರುವುದಿಲ್ಲ. 371ಜೆ ಬಂದ ಮೇಲೆ ಪಿಡಿಓ, ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಅಂತ ಕೆಲಸ ಬಿಟ್ಟು ರೂಮ್ ಮಾಡಿ ಓದಿದವರು ಎಷ್ಟು ಜನ ಅಲ್ವಾ. ಅದು ಸೋಮಾರಿತನ ಅಲ್ಲ. ಆದರೆ ಇನ್ನೂ ಬರೆಯುತ್ತಾ ಇದ್ದೀರಾ, ಮುಂದಿನ ಪರೀಕ್ಷೆ ಯಾವಾಗ ಅಂತ ನೇರವಾಗಿ ಕೇಳುವುದು ನಿಮ್ಮ ಹಕ್ಕು, ಮುಚ್ಚುಮರೆ ಇಲ್ಲದೆ ಹೇಳಿದರೆ ಅವರಿಗೂ ಒಳ್ಳೆಯದು. ನಿಮ್ಮ ಮೊದಲನೆಯವರಿಗೂ ಲಾಕ್‌ಡೌನ್ ನಂತರ ಹೀಗೆ ಒಂದು ಖಾಲಿ ಇದೆ, ಕೇಳಿ ನೋಡಿ.

ಈಗ 12 ವರ್ಷದವರ ವಿಷಯ. ಅವರ ರೆಸ್ಯೂಮೆಯಲ್ಲಿ ಅನುಭವಕ್ಕೆ ಇರುವುದು ಒಂದೇ ಸಾಲು: ‘2013ರಿಂದ 2025, ದಾಲ್ ಮಿಲ್ ಸೂಪರ್‌ವೈಸರ್’. ನಿಮ್ಮ ಮನೆಯವರಿಗೆ ಆ ಸಾಲಿನಲ್ಲಿ ನಂಬಿಕೆ ಕಂಡಿದೆ. ನನಗೆ ಆ ಸಾಲಿನಲ್ಲಿ ಏನೂ ಕಾಣುತ್ತಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. 12 ವರ್ಷ ಒಂದೇ ಕಡೆ ಇದ್ದವರಲ್ಲಿ ಪ್ರತಿ ವರ್ಷ ಒಂದು ಹೊಸ ಹೊಣೆ ಹೊತ್ತವರೂ ಇರುತ್ತಾರೆ, ಮೊದಲ ವರ್ಷವನ್ನೇ 12 ಸಲ ಮಾಡಿದವರೂ ಇರುತ್ತಾರೆ. ಸೇರುವ ಮೊದಲಿನ ಅನುಭವದ ವರ್ಷಗಳಿಗೂ ಹೊಸ ಜಾಗದಲ್ಲಿ ಕೆಲಸ ಹೇಗೆ ಮಾಡುತ್ತಾರೆ ಅನ್ನೋದಕ್ಕೂ ನಂಟು ತೀರಾ ಕಡಿಮೆ ಅಂತ, ಹಳೆಯ ಹತ್ತಾರು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿ 2019ರಲ್ಲಿ ಪ್ರಕಟಿಸಿದ ಒಂದು ಸಂಶೋಧನೆ ಹೇಳಿದೆ. ವರ್ಷದ ಸಂಖ್ಯೆಗೆ ನಾವು ಕೊಡುವ ಮರ್ಯಾದೆ ಅದಕ್ಕೆ ಸಲ್ಲುವುದಕ್ಕಿಂತ ಜಾಸ್ತಿ.

ಆದ್ದರಿಂದ ಆ ಒಂದು ಸಾಲನ್ನು ನೀವು ಒಡೆಯಬೇಕು. ಎದುರಿಗೆ ಕೂರಿಸಿ, ಚಹಾ ಕೊಟ್ಟು, ನಿಧಾನವಾಗಿ ಕೇಳಿ. ಸೇರಿದಾಗ ಏನು ಕೆಲಸ? ಸೂಪರ್‌ವೈಸರ್ ಆದದ್ದು ಯಾವ ವರ್ಷ? ಆಗ ಇಲ್ಲದ್ದು, ಈಗ ಕೈಯಲ್ಲಿರುವುದು ಏನು? ಗೋದಾಮಿನ ಕೀಲಿ ಯಾರ ಹತ್ತಿರ ಇರುತ್ತಿತ್ತು? ಹಮಾಲರ ಕೂಲಿ ಚುಕ್ತಾ ಯಾರು ಮಾಡುತ್ತಿದ್ದರು? ಆಮೇಲೆ ಇಳುವರಿಯ ಪ್ರಶ್ನೆಗೆ ಬನ್ನಿ. 100 ಕಿಲೋ ತೊಗರಿಗೆ ಬೇಳೆ 70 ಕಿಲೋ ಆಸುಪಾಸಿನಲ್ಲಿ ಬರುವುದು ಇದ್ದದ್ದೇ, ಒಂದೊಂದು ಲಾಟ್‌ಗೆ ಅದು ಇಳಿದು ನುಚ್ಚು ಜಾಸ್ತಿ ಆಗುತ್ತದೆ. ಹಾಗೆ ಇಳಿದ ಒಂದು ಲಾಟ್ ನೆನಪು ಮಾಡಿಕೊಳ್ಳಿ, ಆವತ್ತು ಏನು ಮಾಡಿದಿರಿ ಅಂತ ಕೇಳಿ.

ಇದಕ್ಕೆ ಎರಡು ಥರದ ಉತ್ತರ ಬರುತ್ತದೆ. ಒಬ್ಬರು ಹೇಳುತ್ತಾರೆ: ‘ಮಾಲು ಹಸಿ ಇತ್ರಿ, ಇನ್ನೊಂದಿನ ಬಿಸಲಿಗಿ ಹಾಕ್ಸಿದೆ, ರೋಲ್ ಸವದಿತ್ತು ಅಂತ ಗೊತ್ತಾತು, ಅದನ್ನ ಬದ್ಲಿ ಮಾಡ್ಸಿದೆ, ಆಮ್ಯಾಲೆ ಸಾವ್ಕಾರ್ರಿಗಿ ಹೇಳ್ದೆ.’ ಇನ್ನೊಬ್ಬರು ಹೇಳುತ್ತಾರೆ: ‘ಸಾವ್ಕಾರ್ರಿಗಿ ಫೋನ್ ಹಚ್ತಿದ್ವಿರಿ, ಅವ್ರು ಹೇಳ್ದಂಗ ಮಾಡ್ತಿದ್ವಿ.’ ಎರಡನೆಯವರು ಕೆಟ್ಟ ಕೆಲಸಗಾರರಲ್ಲ. ದಿನವಿಡೀ ಮಿಲ್‌ನಲ್ಲೇ ಕೂರುವ ಮಾಲೀಕರಿಗೆ ಅವರು ಬಂಗಾರದಂಥವರು. ಆದರೆ ನೀವು ಮಿಲ್‌ನಲ್ಲಿ ಇರುವುದೇ ಇಲ್ಲ. ಸೋಲಾಪುರದಲ್ಲಿ ಗಿರಾಕಿ ಮುಂದೆ ಕೂತಾಗ ನಿಮಗೆ ದಿನಕ್ಕೆ 10 ಸಲ ಫೋನ್ ಬರುತ್ತದೆ. ಎತ್ತದಿದ್ದರೆ ಮಷೀನ್ ನಿಂತಿರುತ್ತದೆ.

ಸಾರ್ಟೆಕ್ಸ್ ವಿಷಯವನ್ನೂ ಬಿಡಬೇಡಿ. ಹಳೆಯ ಮಿಲ್‌ನಲ್ಲಿ ಆ ಮಷೀನ್ ಇತ್ತಾ, ಯಾವ ವರ್ಷ ಬಂತು, ಬಂದಾಗ ಯಾರು ಕಲಿತರು? ತಾವೇ ಕಂಪನಿಯ ಹುಡುಗನ ಹಿಂದೆ ನಿಂತು ಕಲಿತೆ ಅಂದರೆ, 12 ವರ್ಷದಲ್ಲಿ ಅವರು ಹೊಸದಕ್ಕೆ ಮೈ ಒಡ್ಡಿದ್ದಾರೆ ಅಂತ ಆಯಿತು. ಅದಕ್ಕೊಬ್ಬ ಬೇರೆ ಆಪರೇಟರ್ ಇದ್ದ, ನನಗೆ ಅದರ ಕಡೆ ಹೋಗೋ ಪ್ರಸಂಗ ಬರಲಿಲ್ಲ ಅಂದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಇಷ್ಟು ವರ್ಷದ ನಂತರ ಈಗ ಯಾಕೆ ಬಿಟ್ಟರು ಅನ್ನೋದು ಇವರ ವಿಷಯದಲ್ಲಿ ತುಂಬಾ ತೂಕದ ಪ್ರಶ್ನೆ. ಮನೆತನದಲ್ಲಿ ಪಾಲು ಆಗಿ ಮಿಲ್ ಲೀಸ್‌ಗೆ ಹೋಗಿರಬಹುದು, ಹಿರಿಯ ಸಾವ್ಕಾರರು ತೀರಿಕೊಂಡು ಮಗ ಬಂದಿರಬಹುದು, ಪಗಾರ ನಿಂತಲ್ಲೇ ನಿಂತಿರಬಹುದು, ಸ್ಟಾಕ್ ವಿಷಯಕ್ಕೆ ಮಾತು ಬಂದಿರಬಹುದು. ಇಂಥವರು ಎಷ್ಟೋ ಸಲ ಮಿಲ್‌ಗಲ್ಲ, ಒಬ್ಬ ಮನುಷ್ಯನಿಗೆ ನಿಷ್ಠರಾಗಿರುತ್ತಾರೆ. ಆ ಮನುಷ್ಯ ಇಲ್ಲವಾದ ಮೇಲೆ ಹೊಸ ಜಾಗದಲ್ಲಿ ಮೊದಲ ವರ್ಷ ಅವರಿಗೆ ಕಷ್ಟ, ‘ನಮ್ಮಲ್ಲಿ ಹಿಂಗ ಇರ್ಲಿಲ್ಲ’ ಅನ್ನೋದು ಬಾಯಿಗೆ ಬರುತ್ತಲೇ ಇರುತ್ತದೆ. ಆ ಮನುಷ್ಯ ಇನ್ನೂ ಇದ್ದು, ಫೆಬ್ರವರಿಯಲ್ಲಿ ಒಂದು ಫೋನ್ ಮಾಡಿದರೆ? ನೀವು ಯಾವುದಕ್ಕೆ ಹೆದರಿದ್ದೀರೋ ಅದೇ ಆಗುತ್ತದೆ, ಅದೂ 12 ವರ್ಷ ನಿಂತವರಿಂದ.

ಎರಡೂ ಕಡೆ ಹಳೆಯ ಮಾಲೀಕರನ್ನು ಕೇಳಿ. ಗಂಜ್‌ನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಒಬ್ಬ ಅಡತಿ ಅಂಗಡಿಯವರ ಮೂಲಕ ವಿಚಾರಿಸಿದರೆ ಸಂಜೆಗೆ ಸುದ್ದಿ ಬರುತ್ತದೆ. ಆದರೆ ಮೊದಲನೆಯವರು ಇನ್ನೂ ಕೆಲಸದಲ್ಲಿದ್ದಾರೆ, ಅವರ ಈಗಿನ ಮಾಲೀಕರಿಗೆ ಮಾತ್ರ ಅವರ ಒಪ್ಪಿಗೆ ಇಲ್ಲದೆ ಫೋನ್ ಮಾಡಬೇಡಿ. ನಿಮ್ಮಲ್ಲಿ ಕೆಲಸ ಸಿಗದಿದ್ದರೆ ಇದ್ದದ್ದೂ ಹೋಗುತ್ತದೆ. ಹಿಂದಿನವರನ್ನು ಕೇಳುವಾಗಲೂ ‘ಹೇಗಿದ್ದರು’ ಅಂತ ಕೇಳಿದರೆ ‘ಛಲೋ ಇದ್ರಿ’ ಅಂತಷ್ಟೇ ಬರುತ್ತದೆ. ‘ನಾಳೆ ಬಂದರೆ ಮತ್ತೆ ತಗೋತೀರಾ’ ಅಂತ ಕೇಳಿ. ತಕ್ಷಣ ಹೌದು ಅಂದರೋ, ಒಂದು ಕ್ಷಣ ತಡೆದು ಅಂದರೋ ಅನ್ನೋದನ್ನು ಗಮನಿಸಿ.

ನನ್ನ ಒಲವು ಎತ್ತ ಅಂತ ಹೇಳದೆ ಇದ್ದರೆ ನಿಮಗೆ ಉಪಯೋಗ ಇಲ್ಲ. ಕಾಗದ ನೋಡಿದ ಮಟ್ಟಿಗೆ ನಾನು ಮೊದಲನೆಯವರ ಕಡೆ. ಅವರು ಫಿಟ್ಟರ್, ಮಷೀನ್ ನಿಂತರೆ ಮೆಕ್ಯಾನಿಕ್‌ಗೆ ಕಾಯುವುದಿಲ್ಲ. 6 ಹೆಸರಲ್ಲಿ 3 ಗುತ್ತಿಗೆದಾರರದ್ದು, 1 ಸೀಸನ್ ಮುಗಿದು ನಿಂತದ್ದು. ಉಳಿದದ್ದು ತಿಂಗಳು ಬರೆಯದ ಒಂದು ಸಾಲು ಮತ್ತು ಈಗಿನ ಕೆಲಸ ಯಾಕೆ ಬಿಡುತ್ತಿದ್ದೀರಿ ಅನ್ನುವ ಪ್ರಶ್ನೆ. ಈ ಎರಡಕ್ಕೆ ನೇರ ಉತ್ತರ ಬಂದರೆ ಅವರನ್ನು ತೆಗೆದುಕೊಳ್ಳಿ. ಉತ್ತರ ತಡವರಿಸಿದರೆ, ಇಲ್ಲವೇ ಎರಡನೆಯವರು ಕೆಟ್ಟ ಲಾಟ್‌ನ ಕಥೆಯನ್ನು ತಾವೇ ತೀರ್ಮಾನ ಮಾಡಿದವರಂತೆ ಹೇಳಿದರೆ, ಎರಡನೆಯವರು. ಸಾರ್ಟೆಕ್ಸ್ ಒಂದು ವಾರದಲ್ಲಿ ಕಲಿಸಬಹುದು. ಸ್ವಂತ ತೀರ್ಮಾನ ತೆಗೆದುಕೊಳ್ಳುವುದನ್ನು ಕಲಿಸೋಕೆ ನಿಮಗೆ ಸೀಸನ್‌ನಲ್ಲಿ ಪುರುಸೊತ್ತು ಇರುವುದಿಲ್ಲ.

ಇನ್ನೊಂದು ರೆಸ್ಯೂಮೆ ಓದುವುದು ಬಾಕಿ ಇದೆ, ನಿಮ್ಮ ಮಿಲ್‌ನದ್ದು. 4 ವರ್ಷದಲ್ಲಿ 3 ಜನ ಅಂತ ನೀವೇ ಬರೆದಿದ್ದೀರಿ. ಮೂವರೂ ಯಾವ ತಿಂಗಳಲ್ಲಿ ಸೇರಿ ಯಾವ ತಿಂಗಳಲ್ಲಿ ಬಿಟ್ಟರು, ಬಿಟ್ಟು ಎಲ್ಲಿಗೆ ಹೋದರು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಬೇರೆ ದಾಲ್ ಮಿಲ್‌ಗೇ ಹೋಗಿದ್ದರೆ ಕೆಲಸದ ಮೇಲೆ ಬೇಸರ ಇರಲಿಲ್ಲ, ನಿಮ್ಮಲ್ಲಿ ಏನೋ ಕೊರತೆ ಇತ್ತು ಅಂತ ಆಯಿತು. ಮಳೆಗಾಲದಲ್ಲಿ ಮಿಲ್ ನಿಂತಾಗ ಸೂಪರ್‌ವೈಸರ್‌ಗೆ ಪಗಾರ ಕೊಡುತ್ತೀರಾ? ಪೂರ್ತಿನಾ, ಅರ್ಧನಾ? ನಿಮ್ಮ ಪ್ರಶ್ನೆಯಲ್ಲಿ ಇದರ ಮಾತೇ ಇಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಕೈಗೆ ದುಡ್ಡು ಬರದಿದ್ದರೆ ಯಾರೇ ಆದರೂ ಬೇರೆ ಕಡೆ ಹುಡುಕುತ್ತಾರೆ, ಅಲ್ಲಿ ಸಿಕ್ಕಿದ್ದು ಫೆಬ್ರವರಿಯಲ್ಲಾದರೆ ಫೆಬ್ರವರಿಯಲ್ಲೇ ಹೋಗುತ್ತಾರೆ. ಹಾಗೆ ಹೋದವರ ರೆಸ್ಯೂಮೆಯಲ್ಲಿ ಇನ್ನೊಂದು ಹೆಸರು ಸೇರುತ್ತದೆ, ಮುಂದೆ ಅದನ್ನು ನೋಡಿ ಇನ್ನೊಬ್ಬ ಮಾಲೀಕರು ‘ಇವ ನಿಲ್ಲೋನಲ್ಲ’ ಅನ್ನುತ್ತಾರೆ.

ಹಾಗಾಗಿ ಇಬ್ಬರನ್ನೂ ಕರೆಯುವ ಮೊದಲು ಮಳೆಗಾಲದ ಪಗಾರ ಎಷ್ಟು, ಆ ತಿಂಗಳುಗಳಲ್ಲಿ ಏನು ಕೆಲಸ, ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು ಅಂತ ನೀವು ತೀರ್ಮಾನಿಸಿಕೊಂಡು, ಅದನ್ನೇ ಆರ್ಡರ್ ಕಾಪಿಯಲ್ಲಿ ಬರೆಸಿ ಕೊಡಿ. ಯಾರೇ ಬರಲಿ, ನವೆಂಬರ್ ಮಧ್ಯದೊಳಗೆ ಸೇರಿಸಿಕೊಳ್ಳಿ, ಹೊಸ ತೊಗರಿ ಬರುವ ಮೊದಲು ರೋಲ್‌ಗಳ ಕೆಲಸವನ್ನು ಅವರೇ ನಿಂತು ಮಾಡಿಸಲಿ.